ಸೊಟ್ಟ ಪರಸಿಯ ನೇರ ಲೆಕ್ಕ

ಯಾವುದಾದರೂ ಒಂದು ತ್ರಿಭುಜ ಬರೆಯಿರಿ. ಅಂದವಾಗಿರಬೇಕಿಲ್ಲ, ಎಷ್ಟು ಓರೆಯಾಗಿದ್ದರೂ ನಡೆಯುತ್ತದೆ. ಅದೇ ಅಳತೆಯ ತ್ರಿಭುಜಗಳನ್ನು ರಟ್ಟಿನಲ್ಲಿ ಬೇಕಾದಷ್ಟು ಕತ್ತರಿಸಿಕೊಂಡರೆ, ಅವುಗಳಿಂದ ಎಷ್ಟು ದೊಡ್ಡ ನೆಲವನ್ನಾದರೂ ನಡುವೆ ಸಂದು ಬಿಡದೆ, ಒಂದರ ಮೇಲೊಂದು ಏರದಂತೆ ಮುಚ್ಚಬಹುದು. ಇನ್ನು ನಾಲ್ಕು ಬದಿಯ ಆಕೃತಿ ಬರೆಯಿರಿ. ಚೌಕ, ಆಯತ ಬೇಡ. ನಾಲ್ಕು ಬದಿಗಳೂ ಬೇರೆ ಬೇರೆ ಉದ್ದ, ನಾಲ್ಕು ಕೋನಗಳೂ ಬೇರೆ ಬೇರೆ ಇರಲಿ. ಅದರಿಂದಲೂ ನೆಲ ಮುಚ್ಚಬಹುದು. ಚೌಕಾಕಾರದ ಪರಸಿ ನೋಡಿ ಬೆಳೆದ ನಮಗೆ ಮೊದಲನೆಯ ಮಾತು ಹೇಗೋ ಒಪ್ಪಿಗೆಯಾಗುತ್ತದೆ, ಎರಡನೆಯದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ಹಳೆಯ ಮನೆಗಳ ನೆಲದಲ್ಲಿ ಇರುವುದು ಹೆಚ್ಚಾಗಿ ಶಹಾಬಾದ್ ಪರಸಿಯೇ. ನಮ್ಮ ಜಿಲ್ಲೆಯ ಶಹಾಬಾದ್ ಸುತ್ತಲಿನ ಗಣಿಗಳಲ್ಲಿ ಸಿಗುವ ಈ ಬೂದು ಬಣ್ಣದ ಕಲ್ಲು ಒಂದು ಬಗೆಯ ಸುಣ್ಣದ ಕಲ್ಲು. ಅದು ನೆಲದಡಿ ಪದರ ಪದರವಾಗಿ ಇರುವುದರಿಂದ ಹಲಗೆಯಂತೆ ಎದ್ದು ಬರುತ್ತದೆ. ಹಾಗೆ ಎದ್ದ ಹಲಗೆಗೆ ಎರಡು ಮುಖ. ಮೇಲ್ಮುಖವನ್ನು ನಯ ಮಾಡಿರುತ್ತಾರೆ, ಕೆಳಮುಖ ಒರಟಾಗಿ ಉಳಿದಿರುತ್ತದೆ. ಈ ಎರಡು ಮುಖದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ನೆಲಕ್ಕೆ ಫರ್ಶ್ ಎನ್ನುತ್ತೇವೆ. ಕನ್ನಡದ ಪರಸಿ ಅದೇ ಮಾತು.

ನಾನು ಈ ಲೆಕ್ಕಕ್ಕೆ ಬಿದ್ದದ್ದು ಅಫಜಲಪುರದ ಖಾಲಾ ಮನೆಯ ಒಂದು ಕೋಣೆಯಿಂದ. ಖಾಲಾ ಹೊಲಿಗೆ ಕೆಲಸ ಮಾಡುತ್ತಾರೆ. ಹೊಲಿಗೆ ಯಂತ್ರ ಇಡುವ ಕೋಣೆ 12 ಅಡಿ ಅಗಲ, 16 ಅಡಿ ಉದ್ದ. ನೆಲ ಮಣ್ಣಿನದು, ಮಳೆಗಾಲದಲ್ಲಿ ತೇವ ಏರಿ ಬಟ್ಟೆಗೆ ಕಲೆ ಹತ್ತುತ್ತಿತ್ತು. ಮಳೆ ಹಿಡಿಯುವ ಮೊದಲು ಪರಸಿ ಹಾಕಿಸಬೇಕು, ಆದರೆ ಕೈಯಲ್ಲಿ ಹಣ ಕಡಿಮೆ. ಒಂದು ಅಂಗಡಿಯಲ್ಲಿ 64 ಪರಸಿಗಳು ಬಹಳ ಕಡಿಮೆ ಬೆಲೆಗೆ ಸಿಕ್ಕವು. ಯಾರದೋ ಕೆಲಸಕ್ಕೆಂದು ಒಂದೇ ಅಚ್ಚಿಟ್ಟು ಕತ್ತರಿಸಿದ ಕಲ್ಲುಗಳು, ಅಚ್ಚೇ ಸೊಟ್ಟ ಇದ್ದುದರಿಂದ ಯಾರೂ ಒಯ್ಯದೆ ಉಳಿದುಹೋಗಿದ್ದವು. ಖಾಲಾ ತಂದರು.

ನನ್ನ ಮಾಮು ಗೌಂಡಿ ಕೆಲಸ ಮಾಡುವವರು. ಅವರ ಜೊತೆಗೆ ಬಂದಿದ್ದ ಕಾಕಾ ಒಂದು ಕಲ್ಲಿನ ಮೂಲೆಗೆ ಗುನ್ಯಾ ಹಿಡಿದು ನೋಡಿ, "ಒಂದು ಮೂಲಿನೂ ಗುನ್ಯಾದಾಗ ಇಲ್ರಿ ಇದರಾಗ" ಎಂದರು. ನಾಲ್ಕರಲ್ಲಿ ಒಂದು ಮೂಲೆಯೂ ಸರಿಯಾದ ಲಂಬಕೋನ ಅಲ್ಲ ಎಂದರ್ಥ. ಮಾಮು ಮಾತ್ರ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನಾಲ್ಕೂ ಕಡೆ ಅಂಗೈ ಸವರಿ ನೋಡಿದರು. ಎಲ್ಲೂ ಅಂಚು ಹೊರಗೆ ಬರಲಿಲ್ಲ. ಸೊಟ್ಟ ಇದ್ದರೂ ಎಲ್ಲವೂ ಒಂದೇ ಥರದ ಸೊಟ್ಟ. ಅಷ್ಟು ನೋಡಿಕೊಂಡು ಅವರು ಎರಡು ಕಲ್ಲುಗಳನ್ನು ನೆಲದ ಮೇಲೆ ಬದಿಗೆ ಬದಿ ಕೂಡಿಸಿ ನನಗೆ ಹೇಳಿದ್ದು ಇಷ್ಟೇ: "ಘುಮಾವ್, ಪಲ್ಟಾವ್ ನಕ್ಕೋ." ತಿರುಗಿಸು, ಮಗುಚಬೇಡ.

ಅದಕ್ಕೆ ಖಾಲಾ ಕೇಳಿದ ಪ್ರಶ್ನೆ ಇಡೀ ಲೆಕ್ಕದ ಪ್ರಶ್ನೆಯೇ ಆಗಿತ್ತು. "ಇಲ್ಲಿ ನಾಲ್ಕು ಕಲ್ಲು ಕೂಡುತ್ತವೆ ಸರಿ. ಆ ಗೋಡೆ ತನಕ ಹೀಗೇ ಕೂಡುತ್ತವೆ ಎಂದು ಏನು ಗ್ಯಾರಂಟಿ?" ಸಿಮೆಂಟಿನ ಮಾಲ್ ಹಾಕಿ ಕೂರಿಸಿದ ಮೇಲೆ ಕಲ್ಲು ಕೀಳಲು ಆಗುವುದಿಲ್ಲ. ಅರ್ಧ ಕೋಣೆಗೆ ಹೋಗಿ ಸಂದು ಬಿಟ್ಟರೆ ಕಲ್ಲೂ ಹೋಯಿತು, ಕೂಲಿಯೂ ಹೋಯಿತು. ಮಾಮುಗೆ ಕೈ ಅನುಭವ ಇತ್ತು, ಆದರೆ ಖಾಲಾಗೆ ಬೇಕಾಗಿದ್ದುದು ಕಾರಣ. ಆ ರಾತ್ರಿ ನಾನು ಗ್ರಾಫ್ ಹಾಳೆ, ಹಳೆಯ ಮದುವೆ ಕಾರ್ಡು, ಕತ್ತರಿ ಹಿಡಿದು ಕೂತೆ.

ಮೊದಲು ತ್ರಿಭುಜವನ್ನೇ ನೋಡೋಣ, ಯುಕ್ತಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತ್ರಿಭುಜದ ಒಂದು ಬದಿಯ ಸರಿಯಾಗಿ ನಡುವೆ, ಅಂದರೆ ಮಧ್ಯಬಿಂದುವಿನಲ್ಲಿ, ಗುಂಡುಸೂಜಿ ಚುಚ್ಚಿ. ಕೆಳಗೆ ಒಂದು ಕಾರ್ಡು, ಮೇಲೆ ಅದೇ ಅಳತೆಯ ಇನ್ನೊಂದು ಕಾರ್ಡು ಇರಲಿ. ಮೇಲಿನದನ್ನು ಸೂಜಿಯ ಸುತ್ತ ಅರ್ಧ ಸುತ್ತು, ಅಂದರೆ 180 ಡಿಗ್ರಿ, ತಿರುಗಿಸಿ. ಸೂಜಿ ಬದಿಯ ನಡುವೆ ಇರುವುದರಿಂದ ಆ ಬದಿ ತನ್ನ ಮೇಲೆಯೇ ಬಂದು ಕೂರುತ್ತದೆ, ಅದರ ಎರಡು ತುದಿಗಳು ಮಾತ್ರ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ತ್ರಿಭುಜದ ಉಳಿದ ಭಾಗ ಆ ಬದಿಯ ಆಚೆಗೆ ಹೋಗುತ್ತದೆ. ಹೀಗೆ ಎರಡು ಕಾರ್ಡುಗಳು ಒಂದು ಬದಿಯಲ್ಲಿ ಸಂದಿಲ್ಲದೆ ಕೂಡಿದವು. ಆ ಎರಡೂ ಸೇರಿ ಸಮಾಂತರ ಚತುರ್ಭುಜ ಆಯಿತು. ಎದುರು ಬದಿಗಳು ಸಮ ಮತ್ತು ಸಮಾಂತರ ಇರುವ ಆಕೃತಿಯನ್ನು ಪಕ್ಕಕ್ಕೆ ಜರುಗಿಸಿದರೆ ಸಾಲು, ಸಾಲನ್ನು ಮೇಲಕ್ಕೆ ಜರುಗಿಸಿದರೆ ನೆಲ. ಹತ್ತನೆಯ ತರಗತಿಗಿಂತ ಮೊದಲೇ ಓದಿದ ಮಾತು ಸಾಕು: ಮೂರು ಕೋನಗಳ ಮೊತ್ತ 180. ಪ್ರತಿಯೊಂದು ಮೂಲೆ ಬಿಂದುವಿನಲ್ಲಿ ಮೂರೂ ಕೋನಗಳು ಎರಡೆರಡು ಸಲ ಬಂದು 360 ತುಂಬುತ್ತವೆ.

ಚತುರ್ಭುಜಕ್ಕೂ ಇದೇ ಸೂಜಿ, ಇದೇ ಅರ್ಧ ಸುತ್ತು. ಖಾಲಾ ಮನೆಯ ಕಲ್ಲನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಅದರ ಮೂಲೆಗಳಿಗೆ ಸುತ್ತು ಕ್ರಮದಲ್ಲಿ 1, 2, 3, 4 ಎಂದು ಹೆಸರಿಡೋಣ. 1ರಿಂದ 2ಕ್ಕೆ 24 ಇಂಚು. 2ರಿಂದ 3ಕ್ಕೆ 24ಕ್ಕಿಂತ ಸ್ವಲ್ಪ ಹೆಚ್ಚು. 3ರಿಂದ 4ಕ್ಕೆ ಸುಮಾರು 19. 4ರಿಂದ 1ಕ್ಕೆ ಸುಮಾರು 22. ಆದರೆ ನಾಲ್ಕು ಬದಿ ಅಳೆದರೆ ಸಾಲದು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆ ಹೊಡೆದು ಕೂಡಿಸಿದರೆ ಚೌಕಟ್ಟು ಅತ್ತಿತ್ತ ವಾಲುತ್ತದೆ, ಬದಿಗಳು ಅವೇ ಇದ್ದರೂ ಆಕಾರ ಬದಲಾಗುತ್ತದೆ. ಅದಕ್ಕೆ ಒಂದು ಕರ್ಣವನ್ನೂ ಅಳೆಯಬೇಕು. 1ರಿಂದ 3ಕ್ಕೆ ಕರ್ಣ 32 ಇಂಚಿಗೆ ಸ್ವಲ್ಪ ಕಡಿಮೆ ಬಂತು. ಈಗ ಆಕಾರ ಗಟ್ಟಿಯಾಯಿತು.

ಗ್ರಾಫ್ ಹಾಳೆಯಲ್ಲಿ ಒಂದು ಇಂಚಿಗೆ 2 ಮಿಲಿಮೀಟರ್ ಹಿಡಿದರೆ ಕಾರ್ಡು ಅಂಗೈಯಲ್ಲಿ ಹಿಡಿಸುತ್ತದೆ. ಇಂಚಿನ ಲೆಕ್ಕದಲ್ಲಿ ಗುರುತು ಹೀಗೆ: ಮೂಲೆ 1 ಆರಂಭದ ಬಿಂದು. ಮೂಲೆ 2 ಅದರಿಂದ ಬಲಕ್ಕೆ 24. ಮೂಲೆ 3 ಆರಂಭದಿಂದ ಬಲಕ್ಕೆ 21, ಮೇಲಕ್ಕೆ 24. ಮೂಲೆ 4 ಆರಂಭದಿಂದ ಬಲಕ್ಕೆ 2, ಮೇಲಕ್ಕೆ 22. ಗೆರೆ ಕೂಡಿಸಿ ಕೋನಮಾಪಕ ಇಟ್ಟರೆ ಒಂದನೆಯ ಮೂಲೆಯಲ್ಲಿ ಸುಮಾರು 85 ಡಿಗ್ರಿ, ಎರಡನೆಯದರಲ್ಲಿ 83, ಮೂರನೆಯದರಲ್ಲಿ 91, ನಾಲ್ಕನೆಯದರಲ್ಲಿ 101 ಸಿಗುತ್ತದೆ. ಕಾಕಾ ಹೇಳಿದ್ದು ನಿಜ, 90 ಎಲ್ಲೂ ಇಲ್ಲ. ಆದರೆ ನಾಲ್ಕನ್ನೂ ಕೂಡಿಸಿದರೆ 360. ಇದು ಈ ಕಲ್ಲಿನ ಅದೃಷ್ಟವಲ್ಲ. ಯಾವ ಚತುರ್ಭುಜವನ್ನೂ ಒಂದು ಕರ್ಣ ಎಳೆದು ಎರಡು ತ್ರಿಭುಜ ಮಾಡಬಹುದು, ಎರಡು ಸಲ 180 ಎಂದರೆ 360.

ಈಗ ಒಂದು ಮೂಲೆಯ ಸುತ್ತ ಏನಾಗುತ್ತದೆ ನೋಡಿ. ಮೊದಲ ಕಾರ್ಡಿನ 1ನೇ ಮೂಲೆ ಇರುವ ಬಿಂದುವನ್ನು ಹಿಡಿಯಿರಿ. 1 ಮತ್ತು 2ರ ನಡುವಿನ ಬದಿಯ ಮಧ್ಯದಲ್ಲಿ ಸೂಜಿ ಇಟ್ಟು ಅರ್ಧ ಸುತ್ತು ಹಾಕಿದರೆ, ಬದಿಯ ತುದಿಗಳು ಅದಲುಬದಲಾಗಿ ಎರಡನೆಯ ಕಾರ್ಡಿನ 2ನೇ ಮೂಲೆ ಅದೇ ಬಿಂದುವಿಗೆ ಬರುತ್ತದೆ. ಈ ಎರಡನೆಯ ಕಾರ್ಡಿನಲ್ಲಿ 2 ಮತ್ತು 3ರ ನಡುವಿನ ಬದಿಯೂ ಆ ಬಿಂದುವಿನಿಂದಲೇ ಹೊರಡುತ್ತದೆ. ಅದರ ಮಧ್ಯದಲ್ಲಿ ಸೂಜಿ ಇಟ್ಟು ತಿರುಗಿಸಿದರೆ ಮೂರನೆಯ ಕಾರ್ಡಿನ 3ನೇ ಮೂಲೆ ಬಂತು. ಮೂರನೆಯದರ 3 ಮತ್ತು 4ರ ಬದಿಯ ಮಧ್ಯದಲ್ಲಿ ತಿರುಗಿಸಿದರೆ ನಾಲ್ಕನೆಯ ಕಾರ್ಡಿನ 4ನೇ ಮೂಲೆ ಬಂತು. ಒಂದು ಬಿಂದುವಿನ ಸುತ್ತ 85, 83, 91, 101 ಸೇರಿ 360 ತುಂಬಿತು. ಉಳಿದಿರುವುದು ನಾಲ್ಕನೆಯ ಕಾರ್ಡಿನ 4 ಮತ್ತು 1ರ ಬದಿ. ಕೋನಗಳು ಸರಿಯಾಗಿ ಸುತ್ತು ಮುಗಿಸಿರುವುದರಿಂದ ಅದು ಬೀಳುವುದು ಮೊದಲ ಕಾರ್ಡಿನ 1 ಮತ್ತು 4ರ ಬದಿಯ ಮೇಲೆಯೇ. ಎರಡೂ ಒಂದೇ ಬದಿಯ ನಕಲು, ಉದ್ದವೂ ಒಂದೇ. ಬಾಗಿಲು ಮುಚ್ಚಿದ ಹಾಗೆ ಕೂತಿತು.

ಇಲ್ಲಿಗೆ ಖಾಲಾ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಒಂದು ಮೂಲೆಯ ಸುತ್ತ ಕೂಡುವುದು ಗ್ಯಾರಂಟಿ. ದೂರದ ಗೋಡೆಯವರೆಗೂ ಕೂಡುತ್ತದೆ ಎನ್ನಲು ಇನ್ನೊಂದು ಮಾತು ಬೇಕು, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಅರ್ಧ ಸುತ್ತು ಎರಡು ಸಲ ಹಾಕಿದರೆ ಕಾರ್ಡು ಮತ್ತೆ ಮೊದಲಿನ ದಿಕ್ಕಿಗೇ ನಿಲ್ಲುತ್ತದೆ. ಅಂದರೆ ಮೊದಲ ಕಾರ್ಡು ಮತ್ತು ಮೂರನೆಯ ಕಾರ್ಡು ಒಂದೇ ಕಡೆ ಮುಖ ಮಾಡಿ ಕೂತಿವೆ, ಜಾಗ ಮಾತ್ರ ಬೇರೆ. ತಿರುಗಿಸಿದ್ದೇ ಗೊತ್ತಾಗುವುದಿಲ್ಲ, ಬರೀ ಜರುಗಿಸಿದಂತೆ ಕಾಣುತ್ತದೆ. ಎಷ್ಟು ಜರುಗಿತು? ಮೊದಲ ಕಾರ್ಡಿನ 1ನೇ ಮೂಲೆ ಇದ್ದ ಬಿಂದುವಿಗೆ ಮೂರನೆಯ ಕಾರ್ಡಿನ 3ನೇ ಮೂಲೆ ಬಂದಿದೆ. ಹಾಗಾದರೆ ಅದು ಜರುಗಿದ್ದು ಸರಿಯಾಗಿ 1-3 ಕರ್ಣದಷ್ಟು, ಅದೇ ಕರ್ಣದ ದಿಕ್ಕಿನಲ್ಲಿ. ಇದೇ ರೀತಿ 1-2 ಬದಿಯ ಮಧ್ಯದಲ್ಲಿ ಒಂದು ಅರ್ಧ ಸುತ್ತು, ಆಮೇಲೆ ಹೊಸ ಕಾರ್ಡಿನ 1-4 ಬದಿಯ ಮಧ್ಯದಲ್ಲಿ ಇನ್ನೊಂದು ಹಾಕಿದರೆ, ಕಾರ್ಡು 2-4 ಕರ್ಣದಷ್ಟು ಜರುಗುತ್ತದೆ. ಆದ್ದರಿಂದ ಇಡೀ ನೆಲದಲ್ಲಿ ಸೀದಾ ಕೂತ ಕಲ್ಲುಗಳೆಲ್ಲ ಎರಡು ಕರ್ಣಗಳ ಹೆಜ್ಜೆಯಲ್ಲಿ ಒಂದೇ ಕಲ್ಲನ್ನು ಜರುಗಿಸುತ್ತ ಹೋದ ಹಾಗೆ ಇರುತ್ತವೆ. ತಿರುಗಿ ಕೂತ ಕಲ್ಲುಗಳೂ ಅದೇ ಹೆಜ್ಜೆಯಲ್ಲಿ ಇರುತ್ತವೆ. ಇಲ್ಲಿ ಕಂಡ ನಕ್ಷೆಯೇ ಅಲ್ಲಿ ಮತ್ತೆ ಬರಲೇಬೇಕು. ಹತ್ತನೆಯ ಸಾಲಿನಲ್ಲಿ ಹೊಸದೇನೂ ಆಗಲು ದಾರಿಯೇ ಇಲ್ಲ.

ಇದನ್ನು ಲೆಕ್ಕದಲ್ಲೂ ಪರೀಕ್ಷಿಸಬಹುದು. ಒಂದು ಕರ್ಣದ ಹೆಜ್ಜೆ ಬಲಕ್ಕೆ 21, ಮೇಲಕ್ಕೆ 24. ಇನ್ನೊಂದರ ಹೆಜ್ಜೆ ಎಡಕ್ಕೆ 22, ಮೇಲಕ್ಕೆ 22. ಈ ಎರಡು ಹೆಜ್ಜೆಗಳನ್ನು ಬದಿಗಳಾಗಿ ಮಾಡಿ ಎಳೆದ ಸಮಾಂತರ ಚತುರ್ಭುಜದ ವಿಸ್ತೀರ್ಣ 21 × 22 + 24 × 22 = 990 ಚದರ ಇಂಚು. ನಮ್ಮ ಒಂದು ಕಲ್ಲಿನ ವಿಸ್ತೀರ್ಣ 495. ಸರಿಯಾಗಿ ಎರಡರಷ್ಟು. ಅಂದರೆ ಹೆಜ್ಜೆಯ ಪ್ರತಿ ಮನೆಯಲ್ಲಿ ಒಂದು ಸೀದಾ ಕಲ್ಲು, ಒಂದು ತಿರುಗಿದ ಕಲ್ಲು, ಖಾಲಿ ಜಾಗ ಸೊನ್ನೆ. ಯಾವ ಚತುರ್ಭುಜ ತೆಗೆದುಕೊಂಡರೂ ಕರ್ಣಗಳ ಸಮಾಂತರ ಚತುರ್ಭುಜ ಅದರ ಎರಡರಷ್ಟೇ ಬರುತ್ತದೆ.

ಮರುದಿನ ಬೆಳಿಗ್ಗೆ ನಾನು ಕಾರ್ಡುಗಳನ್ನು ಊಟದ ದಸ್ತರಖಾನ್ ಮೇಲೆ ಹರಡಿ ಖಾಲಾಗೆ ತೋರಿಸಿದೆ. ಅವರು ಎರಡು ಕರ್ಣಗಳ ಮೇಲೆ ಬೆರಳು ಎಳೆದು, "ಇದು ಹೊಲಿಗೆಯ ಡಿಸೈನ್ ಥರ, ಒಂದು ಬುಟ್ಟಾ ಸರಿ ಬಂದರೆ ಉಳಿದದ್ದೆಲ್ಲ ಅದರ ನಕಲು" ಎಂದರು. ನಾನು ಎರಡು ಪ್ಯಾರಾದಲ್ಲಿ ಬರೆದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ಮಾಮು ಆ ಕರ್ಣದ ಮಾತನ್ನು ಬೇರೆ ಕೆಲಸಕ್ಕೆ ಹಿಡಿದರು. ಚೌಕದ ಪರಸಿ ಹಾಕುವಾಗ ಗೋಡೆಗೆ ಸಮನಾಗಿ ದಾರ ಕಟ್ಟುತ್ತಾರೆ. ಈ ಕಲ್ಲಿನ ಬದಿಗಳು ಸೇರಿ ಎಲ್ಲೂ ಉದ್ದನೆಯ ನೇರ ಗೆರೆ ಆಗುವುದಿಲ್ಲವಾದ್ದರಿಂದ ಆ ದಾರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಸೀದಾ ಕಲ್ಲುಗಳ 1ನೇ ಮೂಲೆಗಳೆಲ್ಲ ಕರ್ಣದ ದಿಕ್ಕಿನಲ್ಲಿ ಒಂದೇ ನೇರದಲ್ಲಿ ಬೀಳಬೇಕು, ಒಂದರಿಂದ ಒಂದಕ್ಕೆ 32 ಇಂಚಿಗೆ ಸ್ವಲ್ಪ ಕಡಿಮೆ ದೂರದಲ್ಲಿ. ಅವರು ಕೋಣೆಗೆ ಅಡ್ಡಲಾಗಿ ಓರೆಯಾಗಿ ದಾರ ಕಟ್ಟಿದರು. ಕಲ್ಲುಗಳ ನಡುವೆ ಬಿಡುವ ತೆಳು ಸಂದನ್ನು ಆ ದೂರಕ್ಕೆ ಕೂಡಿಸಿಕೊಂಡು ದಾರಕ್ಕೆ ಗುರುತು ಹಾಕಿದರು. ಯಾವ ಕಲ್ಲಾದರೂ ಕೂದಲೆಳೆಯಷ್ಟು ಜರುಗಿದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಇಲ್ಲದಿದ್ದರೆ ಪ್ರತಿ ಕಲ್ಲಿನ ಸಣ್ಣ ತಪ್ಪು ಮುಂದಿನದಕ್ಕೆ ಕೂಡುತ್ತ ಹೋಗಿ, ಕೊನೆಯ ಸಾಲಿನಲ್ಲಿ ಬೆರಳು ಹಿಡಿಸುವಷ್ಟು ಸಂದಾಗುತ್ತದೆ.

ಈಗ "ಪಲ್ಟಾವ್ ನಕ್ಕೋ" ಎಂಬುದರ ಬೆಲೆ. ಕಲ್ಲನ್ನು ಮಗುಚಿದರೆ ಅದು ಕನ್ನಡಿಯ ಪ್ರತಿಬಿಂಬ ಆಗುತ್ತದೆ. ಮೂಲೆಗಳ ಕ್ರಮ 1, 2, 3, 4 ಇದ್ದದ್ದು ಉಲ್ಟಾ ಸುತ್ತಿಗೆ ಬೀಳುತ್ತದೆ, ನಾವು ಮಾಡಿದ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ. ಅರ್ಧ ಸುತ್ತಿನಲ್ಲಿ ಕಲ್ಲು ನೆಲದ ಮೇಲೆಯೇ ತಿರುಗುತ್ತದೆ, ಎತ್ತಿ ಮಗುಚುವ ಪ್ರಸಂಗವೇ ಇಲ್ಲ. ಆದ್ದರಿಂದ ನಯವಾದ ಮುಖ ಯಾವಾಗಲೂ ಮೇಲೆಯೇ ಇರುತ್ತದೆ, ಒರಟು ಮುಖ ಮಾಲ್ ಹಿಡಿಯುತ್ತದೆ. ಒಂದೇ ಮುಖ ನಯ ಇರುವ ಶಹಾಬಾದ್ ಕಲ್ಲಿಗೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ಮಗುಚಿದರೆ ಮಾತ್ರ ಕೂಡುವ ನಕ್ಷೆಯಾಗಿದ್ದರೆ ಅರ್ಧ ಕೋಣೆ ಒರಟಾಗಿ ಉಳಿಯುತ್ತಿತ್ತು.

ಕೆಲಸದಲ್ಲಿ ಎಡವಟ್ಟಾಗುವುದು ಇನ್ನೊಂದು ಕಡೆ. ಈ ಕಲ್ಲಿನ 24 ಇಂಚಿನ ಬದಿ ಮತ್ತು 24ಕ್ಕಿಂತ ಸ್ವಲ್ಪ ಹೆಚ್ಚಿರುವ ಬದಿ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಂದರ ಎದುರು ಇನ್ನೊಂದನ್ನು ಇಟ್ಟರೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ, ಎರಡು ಕಲ್ಲು ದಾಟಿದ ಮೇಲೆ ಮೂಲೆ ಬಾಯಿ ಬಿಡುತ್ತದೆ. ಇದನ್ನು ಮೊದಲೇ ಹಿಡಿಯಲು ನಾನು 64 ಕಲ್ಲುಗಳ ಮೂಲೆಗಳಲ್ಲೂ ಸೀಮೆಸುಣ್ಣದಿಂದ 1, 2, 3, 4 ಬರೆದೆ. ನೋಡಬೇಕಾದ್ದು ಎರಡೇ. ಪ್ರತಿ ಕೂಡು ಬಿಂದುವಿನಲ್ಲಿ ನಾಲ್ಕು ಬೇರೆ ಬೇರೆ ಅಂಕಿಗಳು ಇರಬೇಕು, ಯಾವುದೂ ಎರಡು ಸಲ ಬರಬಾರದು. ಪ್ರತಿ ಸಂದಿಯ ಎರಡೂ ಕಡೆ ಅವೇ ಎರಡು ಅಂಕಿಗಳು ಅದಲುಬದಲಾಗಿ ಎದುರಾಗಬೇಕು: ಇತ್ತ 1 ಮತ್ತು 2 ಇದ್ದರೆ ಅತ್ತ 2 ಮತ್ತು 1. ಕಾಕಾ ಓದು ಬರಹ ಹೆಚ್ಚು ಕಲಿತವರಲ್ಲ, ಆದರೆ ಅಂಕಿ ನೋಡಿ ಅವರೇ ಕಲ್ಲು ಎತ್ತಿಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕೇಳುವುದನ್ನೇ ಬಿಟ್ಟರು.

ನಮ್ಮ ಕಾಮರ್ಸಿನವರಿಗೆ ಹಣದ ಲೆಕ್ಕ ಬೇಕು. ಕಲ್ಲುಗಳನ್ನು ಯಂತ್ರದಲ್ಲಿ ಕೊಯ್ದು ಗುನ್ಯಾಕ್ಕೆ ತರುವುದೂ ಒಂದು ದಾರಿಯಾಗಿತ್ತು. 24 ಇಂಚಿನ ಬದಿಯನ್ನು ತಳವಾಗಿ ಇಟ್ಟು ಕೊಯ್ದರೆ ಒಳಗೆ 19ಕ್ಕೆ 22 ಇಂಚಿನ ಆಯತ ಸಿಗುತ್ತದೆ, ಅದು 418 ಚದರ ಇಂಚು. ಪ್ರತಿ ಕಲ್ಲಿಗೆ 77 ಚದರ ಇಂಚು ಚೂರಾಗಿ ಹೋಗುತ್ತದೆ, ನೂರಕ್ಕೆ ಸುಮಾರು 15.6. ಕಲ್ಲಿನ ಹಣ ಮೊದಲೇ ಕೊಟ್ಟಾಗಿದೆ, ಅದನ್ನು ಉಳಿದ 418ರ ಮೇಲೆ ಹಂಚಬೇಕು. ಆಗ ಚದರ ಅಡಿಗೆ ಬೀಳುವ ಬೆಲೆ ನೂರಕ್ಕೆ 18ರಷ್ಟು ಏರುತ್ತದೆ, ಕೊಯ್ಯುವ ಕೂಲಿ ಬೇರೆ. ಇನ್ನೂ ದೊಡ್ಡ ತೊಂದರೆ ವಿಸ್ತೀರ್ಣದ್ದು. 64 ಇಡೀ ಕಲ್ಲುಗಳು ಸರಿಯಾಗಿ 220 ಚದರ ಅಡಿ. ಕೊಯ್ದ ಮೇಲೆ ಉಳಿಯುವುದು 186ಕ್ಕೂ ಸ್ವಲ್ಪ ಕಡಿಮೆ. ಕೋಣೆ 192. ಕೊಯ್ದಿದ್ದರೆ ಕಲ್ಲು ಸಾಲುತ್ತಲೇ ಇರಲಿಲ್ಲ, ಅದೇ ಅಳತೆಯ ಇನ್ನೊಂದು ಕಲ್ಲು ಪೇಟೆಯಲ್ಲಿ ಸಿಗುವಂತಿರಲಿಲ್ಲ.

ಹಾಗೆಂದು ತಿರುಗಿಸುವ ದಾರಿಯಲ್ಲಿ ನಷ್ಟವೇ ಇಲ್ಲ ಎನ್ನಲಾಗದು. ಪ್ರಮೇಯ ಹೇಳುವುದು ಕೊನೆಯಿಲ್ಲದ ಸಮತಲದ ಮಾತು, ಕೋಣೆಗೆ ನಾಲ್ಕು ಗೋಡೆ ಇವೆ. ಗೋಡೆಗೆ ಹತ್ತಿದ ಕಲ್ಲುಗಳನ್ನು ಓರೆಯಾಗಿ ಕೊಯ್ಯಲೇಬೇಕು. ಆದರೆ ಈ ನಷ್ಟ ಗೋಡೆಯ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ, ಆಯತಕ್ಕೆ ಕೊಯ್ಯುವ ನಷ್ಟ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಬೆಳೆಯುತ್ತದೆ. ಕೋಣೆಯ ಉದ್ದ ಅಗಲ ಎರಡರಷ್ಟಾದರೆ ಮೊದಲನೆಯದು ಎರಡರಷ್ಟು, ಎರಡನೆಯದು ನಾಲ್ಕರಷ್ಟು. ದೊಡ್ಡ ನೆಲದಲ್ಲಿ ತಿರುಗಿಸುವುದೇ ಲಾಭ, ಬಚ್ಚಲು ಮನೆಯಷ್ಟು ಸಣ್ಣ ಜಾಗದಲ್ಲಿ ಕೊಯ್ಯುವುದೇ ಒಳ್ಳೆಯದಿರಬಹುದು. ಖಾಲಾ ಕೋಣೆಗೆ ಮಾಮು ಗೋಡೆಯ ಸುತ್ತ ಅರ್ಧ ಅಡಿ ಪಟ್ಟಿ ಬಿಟ್ಟು, ಒಳಗಿನ 11ಕ್ಕೆ 15 ಅಡಿ ಜಾಗವನ್ನು ಇಡೀ ಕಲ್ಲುಗಳಿಂದ ತುಂಬಿದರು. ಅಂಚಿನಲ್ಲಿ ಕೊಯ್ದ ಚೂರುಗಳನ್ನೇ ಪಟ್ಟಿಯಲ್ಲಿ ಮಾಲ್ ತುಂಬಿ ಜೋಡಿಸಿದರು. ಹೊಸ ಕಲ್ಲು ಒಂದೂ ತರಲಿಲ್ಲ. ಮಳೆ ಬರುವ ಮೊದಲು ಹೊಲಿಗೆ ಯಂತ್ರ ಒಳಗೆ ಬಂತು.

ಈ ಪದ್ಧತಿ ಎಲ್ಲಿಯವರೆಗೆ ನಡೆಯುತ್ತದೆ? ಒಂದು ಮೂಲೆ ಒಳಗೆ ಚುಚ್ಚಿಕೊಂಡಿರುವ ಬಾಣದ ತುದಿಯಂಥ ಚತುರ್ಭುಜಕ್ಕೂ ನಡೆಯುತ್ತದೆ. ಕೋನಗಳು 30, 45, 240, 45 ಇರುವ ಒಂದು ಕಾರ್ಡು ಕತ್ತರಿಸಿ ನೋಡಿ, ಮೊತ್ತ ಅದೇ 360, ಅದೇ ಅರ್ಧ ಸುತ್ತು ಸಾಕು. ಆದರೆ ಕಲ್ಲುಗಳೆಲ್ಲ ಒಂದೇ ಅಚ್ಚಿನವು ಇರಬೇಕು. ಗಣಿಯ ಬದಿಗೆ ರಾಶಿ ಬಿದ್ದಿರುವ ಚೂರುಗಳು ಒಂದೊಂದೂ ಒಂದೊಂದು ಆಕಾರ, ಅವಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಬದಿಗಳು ನೇರವಾಗಿಯೂ ಇರಬೇಕು. ಬದಿ ಒಂದೇ ಕಡೆ ಉಬ್ಬಿದ್ದರೆ ಅರ್ಧ ಸುತ್ತಿನಲ್ಲಿ ಉಬ್ಬಿಗೆ ಉಬ್ಬೇ ಎದುರಾಗಿ ಕಲ್ಲು ಕೂರುವುದಿಲ್ಲ.

ಐದು ಬದಿಗೆ ಬಂದರೆ "ಯಾವುದಾದರೂ" ಎಂಬ ಮಾತು ಬಿದ್ದುಹೋಗುತ್ತದೆ. ಐದು ಕೋನಗಳ ಮೊತ್ತ 540, ಅದನ್ನು ಒಂದು ಬಿಂದುವಿನ ಸುತ್ತ ಕೂರಿಸಲಾಗದು. ಎಲ್ಲ ಬದಿ, ಎಲ್ಲ ಕೋನ ಸಮ ಇರುವ ಪಂಚಭುಜದ ಕೋನ 108. ಮೂರು ಕೂಡಿಸಿದರೆ 324, ಇನ್ನೂ 36 ಡಿಗ್ರಿ ಸಂದು ಉಳಿಯುತ್ತದೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಕೆಲವು ಸೊಟ್ಟ ಪಂಚಭುಜಗಳು ಮಾತ್ರ ನೆಲ ಮುಚ್ಚುತ್ತವೆ. ಯಾವುವು ಎಂದು ಹುಡುಕುವುದಕ್ಕೆ ಗಣಿತಜ್ಞರಿಗೆ ಸುಮಾರು ನೂರು ವರ್ಷ ಹಿಡಿಯಿತು. 1970ರ ದಶಕದಲ್ಲಿ ಅಮೆರಿಕದ ಮಾರ್ಜರಿ ರೈಸ್ ಎಂಬ ಗೃಹಿಣಿ, ಹೈಸ್ಕೂಲಿನ ಗಣಿತಕ್ಕಿಂತ ಹೆಚ್ಚು ಓದದವರು, ಅಡುಗೆಮನೆಯಲ್ಲಿ ಚಿತ್ರ ಬರೆಯುತ್ತ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದರು. ಒಳಗೆ ಚುಚ್ಚಿಕೊಳ್ಳದ ಪಂಚಭುಜಗಳಲ್ಲಿ ಒಟ್ಟು 15 ಬಗೆಗಳೇ ಇವೆ, ಇನ್ನಿಲ್ಲ ಎಂದು ಫ್ರಾನ್ಸಿನ ಮಿಶೆಲ್ ರಾವೊ 2017ರಲ್ಲಿ ಕಂಪ್ಯೂಟರಿನ ಸಹಾಯದಿಂದ ತೋರಿಸಿದರು. ಮೂರು ಮತ್ತು ನಾಲ್ಕು ಬದಿಗೆ ಇಂಥ ಪಟ್ಟಿ ಬೇಕಾಗಿಲ್ಲ, ಬದಿಯ ನಡುವೆ ಒಂದು ಗುಂಡುಸೂಜಿ ಸಾಕು.